ಸಾಹುಕಾರ್ರ ದನಿಯಲ್ಲಿ ತಿರಸ್ಕಾರವಾದ ಕ್ರೆಡಿಟ್ ನೋಟು

ತಪ್ಪು ನನ್ನದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನಾನು ಒಬ್ಬ ಸಾಹುಕಾರ್ರನ್ನು ಚೆನ್ನಾಗಿ ಆಡಿಕೊಳ್ಳುವವನಿದ್ದೇನೆ, ಆಗ ನೀವು ‘ಇವನೇನು ಭಾಳ ಸಾಚಾ’ ಅನ್ನಬಾರದು. ಹಿರೇಕೆರೂರಿನ ಆ ಸಾಹುಕಾರ್ರ ದನಿ ತೆಗೆದು, ಅವರದೇ ಗುಮಾಸ್ತನಿಗೆ ಫೋನ್ ಹಚ್ಚಿ, ತಡಸದ ಹೆಣ್ಣುಮಗಳೊಬ್ಬಳು ಕಳಿಸಿದ ಕ್ರೆಡಿಟ್ ನೋಟನ್ನು ತಿರಸ್ಕರಿಸು ಎಂದು ಹೇಳಿದವನು ನಾನೇ. ಚೇಷ್ಟೆಗೆ ಹೇಳಿದ್ದು. ಗುಮಾಸ್ತ ನನ್ನ ಗೆಳೆಯ, ನಕ್ಕು ನಾಲ್ಕು ಬೈದಾನು ಅಂದುಕೊಂಡಿದ್ದೆ. ಅವನು ಬೈಯಲಿಲ್ಲ, ತಿರಸ್ಕರಿಸಿದ.

ದನಿ ತೆಗೆಯುವುದು ನನಗೆ ಸಣ್ಣವನಿದ್ದಾಗಿನಿಂದ ಅಂಟಿದ ಚಟ. ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಹೆಸರು ಕೂಗುವವನು ಮೂಗಿನಲ್ಲಿ ‘ಅಕ್ಕಿಆಲೂರ’ ಎಂದು ಎಳೆಯುತ್ತಿದ್ದನಲ್ಲ, ಹಾಗೇ ಎಳೆದು ಒಮ್ಮೆ ಇಬ್ಬರು ಮುದುಕಿಯರನ್ನು ತಪ್ಪು ಬಸ್ಸಿಗೆ ಹತ್ತಿಸಿದ್ದೆ. ನಮ್ಮಪ್ಪ ಎತ್ತನ್ನು ಕರೆಯುವ ದನಿ ಒಂದು, ನನ್ನನ್ನು ಕರೆಯುವ ದನಿ ಇನ್ನೊಂದು. ಎರಡನ್ನೂ ನಾನು ತೆಗೆಯಬಲ್ಲೆ. ಎತ್ತಿನದರಲ್ಲಿ ಹೆಚ್ಚು ಮರ್ಯಾದೆ ಇದೆ. ನನ್ನ ಸ್ವಂತ ದನಿಯನ್ನು ಒಂದು ಸಲ ಫೋನಿನಲ್ಲಿ ಮುದ್ರಿಸಿ ಕೇಳಿದಾಗ ನೆಗಡಿ ಹಿಡಿದ ಗಿಳಿ ಮಾತಾಡಿದಂತಿತ್ತು. ಅಂದಿನಿಂದ ಬೇರೆಯವರ ದನಿಯಲ್ಲೇ ಹೆಚ್ಚು ಸುಖ ಕಂಡೆ.

ಹೊಟ್ಟೆಪಾಡಿಗೆ ಶಿಗ್ಗಾಂವಿಯಲ್ಲಿ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಸರ್ ಸವಣೂರಿನವರು, ಆಚಾರ್ಯರ ಮನೆತನ. ಅವರ ಅಜ್ಜ ಶಾಸ್ತ್ರ ಓದಿದ ರಾಗದಲ್ಲೇ ಇವರು ಜಿಎಸ್‌ಟಿ ಕಾಯ್ದೆ ಓದುತ್ತಾರೆ. ಕಲಂ ಮೂವತ್ನಾಲ್ಕು ಎನ್ನುವಾಗ ಕಣ್ಣು ಅರ್ಧ ಮುಚ್ಚುತ್ತಾರೆ. ಅವರು ಊಟಕ್ಕೆ ಹೋದಾಗ ನಾನು ಅವರ ಕುರ್ಚಿಯಲ್ಲಿ ಕುಂತು ಕಣ್ಣು ಅರ್ಧ ಮುಚ್ಚುವುದು ರೂಢಿ. ಎರಡು ಸಲ ಸಿಕ್ಕಿಬಿದ್ದಿದ್ದೇನೆ. ‘ರಾಗ ಸರಿ ಅದ, ಕಲಂ ತಪ್ಪು’ ಎಂದಷ್ಟೇ ಹೇಳಿ ತಮ್ಮ ಕುರ್ಚಿ ಬಿಡಿಸಿಕೊಂಡಿದ್ದರು.

ನಮ್ಮ ಗಿರಾಕಿಗಳಲ್ಲಿ ತಡಸದ ಅಕ್ಕಾರು ಒಬ್ಬರು. ಅವರದೊಂದು ಬಾಡಿಗೆಯ ಶೆಡ್ಡು. ಅದರಲ್ಲಿ ಪ್ಲಾಸ್ಟಿಕ್ ಹಾಳೆಯ ದೊಡ್ಡ ಸುರುಳಿಗಳನ್ನು ಅಳತೆಗೆ ಕತ್ತರಿಸಿ, ಅಂಚು ಮಡಚಿ ಕಾಸಿ ಅಂಟಿಸಿ, ಹಗ್ಗ ಹಾಕಲು ಕಣ್ಣು ಹೊಡೆದು ತಾಡಪತ್ರಿ ಮಾಡುತ್ತಾರೆ. ಗೋವಿನಜೋಳ ಒಣಹಾಕುವ ನಮ್ಮ ಸೀಮೆಯಲ್ಲಿ ತಾಡಪತ್ರಿ ಇಲ್ಲದ ಮನೆ ಇಲ್ಲ. ಅಕ್ಕಾರ ಬೆರಳ ತುದಿಗಳು ಬಿಸಿ ಯಂತ್ರ ಮುಟ್ಟಿ ಮುಟ್ಟಿ ನುಣ್ಣಗಾಗಿವೆ. ಆಫೀಸಿನಲ್ಲಿ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತಿಸುವುದೇ ಇಲ್ಲ. ‘ನಾ ಇದ್ದೇನಿ ಅಂತ ಸರಕಾರಕ್ಕ ಗೊತ್ತಾಗೋದು ತೆರಿಗಿ ಕಟ್ಟಿದಾಗಷ್ಟ’ ಎಂದು ಅವರೇ ನಗುತ್ತಿದ್ದರು. ಕೊರಳಲ್ಲಿ ಸದಾ ಅಳತೆಯ ಟೇಪು. ಅವರ ದನಿಯನ್ನು ನಾನು ತೆಗೆಯಲು ನೋಡಿದ್ದೇನೆ, ಬರುವುದಿಲ್ಲ. ಅವರು ಮಾತಾಡುವುದೇ ಕಡಿಮೆ, ಕಲಿಯಲು ಸಾಮಗ್ರಿ ಸಾಲದು.

ಅವರ ದೊಡ್ಡ ಗಿರಾಕಿ ಹಿರೇಕೆರೂರಿನ ಸಾಹುಕಾರ್ರು. ಹಗ್ಗ, ಚೀಲ, ಔಷಧ ಹೊಡೆಯುವ ಪಂಪು, ತಾಡಪತ್ರಿ, ಹೀಗೆ ರೈತನಿಗೆ ಬೇಕಾದ್ದೆಲ್ಲ ಮಾರುವ ದೊಡ್ಡ ಅಂಗಡಿ. ಹಿಂದಿನ ವರ್ಷದ ಸುಗ್ಗಿಗೆ ಅಕ್ಕಾರಿಂದ ರಾಶಿ ತಾಡಪತ್ರಿ ತರಿಸಿಕೊಂಡಿದ್ದರು. ಅದರಲ್ಲಿ ಒಂದು ಕಂತಿನ ಮಾಲು ಕೆಟ್ಟಿತು. ಹಗ್ಗ ಎಳೆದರೆ ಕಣ್ಣು ಕಿತ್ತು ಕೈಗೆ ಬರುತ್ತಿತ್ತು, ಅಂಚು ಬಿಟ್ಟು ನೀರು ಇಳಿಯುತ್ತಿತ್ತು. ಸುಗ್ಗಿ ಮುಗಿದ ಮೇಲೆ ಸಾಹುಕಾರ್ರು ಆ ಕಂತನ್ನೆಲ್ಲ ತಡಸಕ್ಕೆ ವಾಪಸ್ ಕಳಿಸಿದರು. ಅಕ್ಕಾರು ತಕರಾರಿಲ್ಲದೆ ಇಳಿಸಿಕೊಂಡರು. ಅದೇ ಹೊತ್ತಿಗೆ ಇನ್ನೊಂದು ಕಂತಿಗೆ ಅಕ್ಕಾರು ಹಳೇ ದರದಲ್ಲೇ ಬಿಲ್ಲು ಹಾಕಿಬಿಟ್ಟಿದ್ದರು. ಮಾತಾಡಿದ್ದು ಹೆಚ್ಚಿನ ದರ, ಬರೆದದ್ದು ಕಡಿಮೆ ದರ.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಈ ಅಡಚಣೆಗಳನ್ನೆಲ್ಲ ಆಗಿಂದಾಗ ಬಗೆಹರಿಸಿಕೊಳ್ಳುವವರು ಇಲ್ಲಿ ಯಾರೂ ಇಲ್ಲ. ಎಲ್ಲವೂ ದೀಪಾವಳಿ ಪಾಡ್ಯದ ಹಿಸಾಬಿಗೆ ಕಾಯುತ್ತವೆ. ಪಾಡ್ಯದ ದಿನ ಎದುರುಬದುರು ಕುಂತು, ವರ್ಷದ ವಾಪಸ್ ಮಾಲು, ದರದ ಫರಕು, ಎಲ್ಲವನ್ನೂ ಲೆಕ್ಕದಲ್ಲಿ ಮುರಿದು, ಪೂಜೆ ಮಾಡಿ, ಫೇಡೆ ತಿಂದು ಏಳುತ್ತಾರೆ. ಪದ್ಧತಿ ಚೆಂದವೇ. ಆದರೆ ತೆರಿಗೆ ಕಾಯ್ದೆಗೆ ಪಾಡ್ಯ ಗೊತ್ತಿಲ್ಲ. ಹಿಂದಿನ ಆರ್ಥಿಕ ವರ್ಷದ ಬಿಲ್ಲಿನ ಮೇಲೆ ಕ್ರೆಡಿಟ್ ನೋಟು ಕೊಟ್ಟು ತೆರಿಗೆ ಇಳಿಸಿಕೊಳ್ಳಬೇಕಾದರೆ ನವೆಂಬರ್ ಮೂವತ್ತರೊಳಗೆ ರಿಟರ್ನಿನಲ್ಲಿ ತೋರಿಸಿರಬೇಕು. ನವೆಂಬರ್ ತಿಂಗಳ ರಿಟರ್ನು ಹೋಗುವುದು ಡಿಸೆಂಬರಿನಲ್ಲಿ. ಅಂದರೆ ನೋಟು ಅಕ್ಟೋಬರಿನಲ್ಲೇ ಆಗಬೇಕು, ಅಕ್ಟೋಬರ್ ರಿಟರ್ನಿನಲ್ಲೇ ಹೋಗಬೇಕು. ಪಾಡ್ಯ ನವೆಂಬರಿಗೆ ಜಾರಿದ ವರ್ಷ ನಮ್ಮ ಸರ್ ಗಿರಾಕಿಗಳಿಗೆಲ್ಲ ಫೋನ್ ಮಾಡಿ ‘ಈ ಸಲ ಹಬ್ಬ ಮುಂಚೆ ಮಾಡ್ರಿ’ ಎಂದು ಗೋಗರೆಯುತ್ತಾರೆ. ಆ ವರ್ಷ ಪಾಡ್ಯ ಅಕ್ಟೋಬರಿನಲ್ಲೇ ಬಿದ್ದಿತ್ತು. ನಾವು ಪಾರಾದೆವು ಅಂದುಕೊಂಡೆವು.

ಪಾಡ್ಯದ ಹಿಸಾಬಿನಂತೆ ಅಕ್ಕಾರ ಹೆಸರಿನಲ್ಲಿ ನಾನೇ ಎರಡು ನೋಟು ತಯಾರು ಮಾಡಿದೆ. ವಾಪಸ್ ಬಂದ ಮಾಲಿಗೆ ಕ್ರೆಡಿಟ್ ನೋಟು: ಅದರಿಂದ ಅಕ್ಕಾರು ಕಟ್ಟಬೇಕಾದ ತೆರಿಗೆ ಇಳಿಯುತ್ತದೆ. ದರ ಕಡಿಮೆ ಬರೆದದ್ದಕ್ಕೆ ಡೆಬಿಟ್ ನೋಟು: ಅದರಿಂದ ತೆರಿಗೆ ಏರುತ್ತದೆ. ಏರಿದ್ದು ಸ್ವಲ್ಪ, ಇಳಿದದ್ದು ಭಾಳ. ವಾಪಸ್ ಬಂದು ಮಾರಾಟವೇ ಮುರಿದ ಮಾಲಿಗೆ ಅಕ್ಕಾರು ಹಿಂದಿನ ವರ್ಷವೇ ತೆರಿಗೆ ಕಟ್ಟಿಬಿಟ್ಟಿದ್ದರು, ಈಗ ಅದು ಈ ತಿಂಗಳ ತೆರಿಗೆಯಲ್ಲಿ ಕಳೆದು ಬರಬೇಕು. ಕಳೆದು ಬಂತು. ಎರಡೂ ನೋಟು ತೋರಿಸಿ ಅಕ್ಟೋಬರಿನ ಮಾರಾಟದ ರಿಟರ್ನು ಕಳಿಸಿದೆವು, ಹಿಂದೆಯೇ ತೆರಿಗೆ ಕಟ್ಟುವ ರಿಟರ್ನೂ ಮುಗಿಸಿದೆವು. ಉಳಿದ ರೊಕ್ಕವನ್ನು ಅಕ್ಕಾರು ಅದೇ ದಿನ ಹಾಳೆಯ ಸುರುಳಿಗೆ ಮುಂಗಡವಾಗಿ ಕಳಿಸಿದರು. ಸುರುಳಿ ಮಾರುವವರು ಉದ್ರಿ ಕೊಡುವುದಿಲ್ಲ. ಸುಗ್ಗಿ ಕಣ್ಣ ಮುಂದಿತ್ತು. ಈ ಸುಗ್ಗಿ ತಪ್ಪಿದರೆ ಯಂತ್ರ ಮಾರಿ ಶೆಡ್ಡಿನ ಕೀಲಿ ಮಾಲಕನಿಗೆ ಕೊಡುವುದೇ ಸೈ ಎಂದು ಅಕ್ಕಾರು ಸರ್ ಮುಂದೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಬಿದ್ದರೂ ನನ್ನ ಬುದ್ಧಿ ಎಲ್ಲಿತ್ತೋ.

ನೋಟು ಕಳಿಸಿದ ಮೇಲೆ ಅದು ಸರಕಾರದ ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಕೊಂಡವರ ಪರದೆಯ ಮೇಲೆ ಕಾಣುತ್ತದೆ. ಅಲ್ಲಿ ಎರಡು ಗುಂಡಿ: ಅಕ್ಸೆಪ್ಟ್, ರಿಜೆಕ್ಟ್. ಕೊಂಡವರು ಏನೂ ಒತ್ತದೆ ಸುಮ್ಮನಿದ್ದರೂ ಒಪ್ಪಿದಂತೆಯೇ. ಒಪ್ಪಿದರೆ ಅವರ ಐಟಿಸಿ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತ, ಅಷ್ಟು ಇಳಿಯುತ್ತದೆ. ಇದು ನ್ಯಾಯವೇ, ಮಾಲು ವಾಪಸ್ ಕೊಟ್ಟ ಮೇಲೆ ಅದರ ತೆರಿಗೆಯ ಲಾಭ ಯಾಕೆ ಬೇಕು. ರಿಜೆಕ್ಟ್ ಒತ್ತಿ ಅವರು ತಮ್ಮ ರಿಟರ್ನು ಕಳಿಸಿಬಿಟ್ಟರೆ ಮಾತ್ರ ಕಥೆ ತಿರುಗುತ್ತದೆ. ಮಾರಿದವರು ಇಳಿಸಿಕೊಂಡ ತೆರಿಗೆ ಮುಂದಿನ ತಿಂಗಳು ಮತ್ತೆ ಅವರ ತಲೆಯ ಮೇಲೆ ಬಂದು ಕೂರುತ್ತದೆ.

ಇಷ್ಟೆಲ್ಲ ಬಲ್ಲವನು ನಾನು. ಬಲ್ಲವನಾಗಿಯೇ ಒಂದು ಮಧ್ಯಾಹ್ನ ಚಹಾದಂಗಡಿಯ ಮುಂದೆ ನಿಂತಾಗ ಸಾಹುಕಾರ್ರ ದನಿ ಗಂಟಲಿಗೆ ಬಂತು. ಅವರು ಕಿಸೆಯಲ್ಲಿ ಫೋನ್ ಇಡುವವರಲ್ಲ. ಎದುರಿಗೆ ಸಿಕ್ಕವರ ಫೋನ್ ಇಸಗೊಂಡು ಮಾತಾಡುವವರು. ಹಾಗಾಗಿ ಗುರುತಿಲ್ಲದ ನಂಬರಿನಿಂದ ಕರೆ ಹೋದರೆ ಅವರೇ ಅಂತ ಅರ್ಧ ನಂಬಿಕೆ ಮೊದಲೇ ಬರುತ್ತದೆ. ಚಹಾದವನ ಫೋನ್ ಇಸಗೊಂಡೆ. ಗಂಟಲು ಮೂರು ಸಲ ಕೆರೆದೆ, ಅವರಂತೆ.

“ಏ ಹುಡುಗಾ, ತಡಸದಿಂದ ನೋಟ್ ಬಂದಾವಲ್ಲ. ಡೆಬಿಟ್ ನೋಟ್ ಇರ್ಲಿ. ಕ್ರೆಡಿಟ್ ನೋಟ್ ಒಪ್ಪಬ್ಯಾಡ, ರಿಜೆಕ್ಟ್ ಹೊಡಿ. ತಿಳೀತೋ ಇಲ್ಲೋ?”

ಗೆಳೆಯ ತಿಳೀತ್ರಿ ಎಂದ. ನಾನಿನ್ನು ಖೊಳ್ಳನೆ ನಗಬೇಕು, ‘ಲೇ ನಾನಲೇ’ ಅನ್ನಬೇಕು, ಅಷ್ಟರಲ್ಲಿ ಚಹಾದವನ ಮಗಳ ಕರೆ ಬಂದು ಅವನು ಫೋನ್ ಕಸಿದುಕೊಂಡ. ಚೇಷ್ಟೆಯ ಬಾಲ ಒಳಗೇ ಉಳಿಯಿತು. ಅವನಿಗೆ ನನ್ನ ದನಿ ಗೊತ್ತಾಗಿರುತ್ತದೆ, ಆಮೇಲೆ ಫೋನ್ ಮಾಡಿ ಬೈಯುತ್ತಾನೆ ಎಂದುಕೊಂಡು ಚಹಾ ಕುಡಿದು ಬಂದೆ. ಬೈಗುಳ ಬರಲಿಲ್ಲ. ಸಿಟ್ಟಾಗಿದ್ದಾನೆ, ಆಗಲಿ ಅಂದುಕೊಂಡು ಮರೆತೆ. ಕಾಲೇಜಿನಲ್ಲಿ ಜೊತೆಗೆ ಕುಂತವನಿಗೇ ಗುರುತು ಸಿಗದಷ್ಟು ಚಂದ ದನಿ ತೆಗೆದಿದ್ದೆ ಎನ್ನುವುದು ಆಮೇಲೆ ತಿಳಿಯಿತು. ನನ್ನ ಕಲೆಗೆ ಸಿಕ್ಕ ಮೊದಲ ದೊಡ್ಡ ಮನ್ನಣೆ ಅದು. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ.

ಸಾಹುಕಾರ್ರ ರಿಟರ್ನಿನ ಗಡುವು ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಅಕ್ಕಾರು ಫೋನ್ ಮಾಡಿ, ಸುರುಳಿ ಹೊತ್ತ ಲಾರಿ ಹೊರಟಿದೆ, ಉಳಿದ ರೊಕ್ಕ ಹಾಕಬೇಕು, ನಮ್ಮ ನೋಟು ಅವರು ಒಪ್ಪಿದ್ದಾರಲ್ಲ ಎಂದು ಕೇಳಿದರು. ಒಪ್ಪಿರಬೇಕ್ರಿ ಅಂದೆ. ಅನ್ನುತ್ತಲೇ ಪೋರ್ಟಲ್ ತೆರೆದೆ. ಮಾರಿದವರಿಗೂ ತಮ್ಮ ನೋಟಿನ ಗತಿ ಏನಾಯಿತೆಂದು ನೋಡಲು ಒಂದು ಪರದೆ ಇರುತ್ತದೆ. ಡೆಬಿಟ್ ನೋಟಿನ ಮುಂದೆ ಅಕ್ಸೆಪ್ಟೆಡ್. ಕ್ರೆಡಿಟ್ ನೋಟಿನ ಮುಂದೆ ರಿಜೆಕ್ಟೆಡ್.

ಆ ಹೊತ್ತು ಅಕ್ಕಾರಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಪೋರ್ಟಲ್ ನಿಧಾನ ಐತ್ರಿ ಅಂದಿರಬೇಕು. ಪೋರ್ಟಲ್ಲಿನ ಮೇಲೆ ತಪ್ಪು ಹೇರಿದರೆ ಯಾರೂ ಅನುಮಾನ ಪಡುವುದಿಲ್ಲ. ಫೋನ್ ಇಟ್ಟೆ. ಯಾರ್ಯಾರದೋ ದನಿ ತುಂಬಿರುತ್ತಿದ್ದ ಗಂಟಲಿನಲ್ಲಿ ಒಂದೂ ಉಳಿದಿರಲಿಲ್ಲ.

ಆದರೆ ಸಾಹುಕಾರ್ರ ರಿಟರ್ನು ಇನ್ನೂ ಹೋಗಿರಲಿಲ್ಲ. ಹೋಗುವತನಕ ರಿಜೆಕ್ಟ್ ತೆಗೆದು ಅಕ್ಸೆಪ್ಟ್ ಒತ್ತಬಹುದು. ಗೆಳೆಯನಿಗೆ ಫೋನ್ ಹಚ್ಚಿ, ಅವತ್ತು ಮಾತಾಡಿದ್ದು ನಾನು ಎಂದು ಹೇಳಿದೆ.  ಅವನು ಹೇಳಿದ್ದು ಇಷ್ಟು. ರಿಜೆಕ್ಟ್ ಮಾಡಿದ ಮರುದಿನವೇ ‘ನೀವು ಹೇಳಿದಂಗ ಮಾಡೇನ್ರಿ’ ಎಂದು ಸಾಹುಕಾರ್ರಿಗೆ ಒಪ್ಪಿಸಿದ್ದ. ಅವರು ನಾನೆಲ್ಲಿ ಹೇಳಿದೆ ಎಂದು ಮೊದಲು ಹುಬ್ಬು ಗಂಟಿಕ್ಕಿದರಂತೆ. ಆಮೇಲೆ, ರಿಜೆಕ್ಟ್ ಮಾಡಿದರೆ ಏನಾಗ್ತೈತಿ ಎಂದು ಕೇಳಿದರಂತೆ. ನಮ್ಮ ಐಟಿಸಿ ಇಳಿಯೂದಿಲ್ರಿ ಎಂದ ಇವನು. ಹಂಗಾರ ನಾನ ಹೇಳಿರಬೇಕು ಬಿಡು ಎಂದರಂತೆ ಅವರು.

ಚೇಷ್ಟೆ ನನ್ನ ಕೈಬಿಟ್ಟು ಅವರ ಲಾಭವಾಗಿ ಕುಂತಿತ್ತು. ಅವರ ಮಾತಿಲ್ಲದೆ ಇನ್ನು ಬದಲಿಸಿದರೆ ಗೆಳೆಯನ ಕೆಲಸ ಹೋಗುತ್ತಿತ್ತು. ಅವನನ್ನು ಹೆಚ್ಚು ಬೇಡುವ ಮುಖವೂ ನನಗಿರಲಿಲ್ಲ.

ಬೇರೆ ದಾರಿ ಇದೆಯೇ ಎಂದು ಹುಚ್ಚನಂತೆ ಹುಡುಕಿದೆ. ಕಳಿಸಿದ ಮಾರಾಟದ ರಿಟರ್ನನ್ನು ಅದೇ ತಿಂಗಳು ತಿದ್ದಲು ಒಂದು ನಮೂನೆ ಇದೆ. ನಾವು ತೆರಿಗೆಯ ರಿಟರ್ನು ಮುಗಿಸಿದ್ದರಿಂದ ಅದರ ಬಾಗಿಲು ಮುಚ್ಚಿತ್ತು. ಮುಂದಿನ ತಿಂಗಳ ರಿಟರ್ನಿನಲ್ಲಿ ಅದೇ ನೋಟನ್ನು ತಿದ್ದುಪಡಿಯಾಗಿ ಮತ್ತೆ ತೋರಿಸಿ, ಅವರು ಆಗ ಒಪ್ಪಿದರೆ ನಡೆಯುತ್ತದೆ; ಆದರೆ ಆ ರಿಟರ್ನು ಹೋಗುವುದು ಡಿಸೆಂಬರಿನಲ್ಲಿ, ಹಿಂದಿನ ವರ್ಷದ ಬಿಲ್ಲಿಗೆ ನವೆಂಬರ್ ಮೂವತ್ತೇ ಕೊನೆ. ಡೆಬಿಟ್ ನೋಟಿಗೆ ಇಂಥ ಗಡುವಿಲ್ಲ. ತೆರಿಗೆ ಏರಿಸುತ್ತೇನೆ ಅಂದರೆ ಸರಕಾರ ಯಾವಾಗ ಬಂದರೂ ಬಾ ಅನ್ನುತ್ತದೆ, ಇಳಿಸುತ್ತೇನೆ ಅಂದರೆ ಗಡಿಯಾರ ನೋಡುತ್ತದೆ.

ಸರ್ ಅವತ್ತು ಊರಲ್ಲಿರಲಿಲ್ಲ. ಹಿರೇಕೆರೂರು ಕಡೆ ಒಂದು ಹತ್ತಿ ಗಿರಣಿಯ ಲೆಕ್ಕ ನೋಡಲು ಬೆಳಿಗ್ಗೆಯೇ ಹೋಗಿದ್ದರು. ಅವರಿಗೆ ಫೋನ್ ಮಾಡಿ ನಿಜ ಹೇಳುವುದು ಸರಿಯಾದ ದಾರಿ. ಅದನ್ನು ಬಿಟ್ಟು ಎರಡನೇ ಹುಚ್ಚುತನ ಮಾಡಿದೆ. ಒಂದು ದನಿಯಿಂದ ಕೆಟ್ಟದ್ದನ್ನು ಇನ್ನೊಂದು ದನಿಯಿಂದ ಸರಿಮಾಡಬಹುದು ಎಂದು ನನಗೆ ಆಗ ಖರೇನೇ ಅನ್ನಿಸಿತ್ತು. ಆಫೀಸಿನ ಫೋನಿನಿಂದ ಸಾಹುಕಾರ್ರ ಅಂಗಡಿಗೆ ಹಚ್ಚಿ, ಕಣ್ಣು ಅರ್ಧ ಮುಚ್ಚಿ, ಸವಣೂರಿನ ರಾಗದಲ್ಲಿ ಶುರು ಮಾಡಿದೆ. ಕಲಂ ಮೂವತ್ನಾಲ್ಕರ ಪ್ರಕಾರ ಮಾಲು ವಾಪಸಾದರೆ ಕ್ರೆಡಿಟ್ ನೋಟು ಒಪ್ಪುವುದು ತಮ್ಮ ಕರ್ತವ್ಯ ಅದ, ಒಪ್ಪದಿದ್ದರೆ ಬಡ್ಡಿ ಅದ, ದಂಡ ಅದ ಎಂದು ಗಂಭೀರವಾಗಿ ಏರಿಸುತ್ತ ಹೋದೆ. ಸಾಹುಕಾರ್ರು ಪೂರ್ತಿ ಕೇಳಿದರು. ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ಕೊನೆಗೆ ಗಂಟಲು ಕೆರೆದು ಅಂದರು:

“ಸರ್, ನೀವು ಭಾಳ ಚೊಲೋ ಹೇಳಿದ್ರಿ. ಆದರ ಒಂದು ಸಂಶೆ. ನೀವು ಈಗ ನನ್ನ ಗಾದಿ ಮ್ಯಾಲೆ ಕುಂತು ಚಹಾ ಕುಡ್ಯಾಕತ್ತೀರಿ. ಹಂಗಾರ ಇವರು ಯಾರ್ರಿ?”

ಗಿರಣಿಯ ಕೆಲಸ ಬೇಗ ಮುಗಿಸಿ, ಸಾಹುಕಾರ್ರನ್ನು ಮಾತಾಡಿಸಿ ಹೋಗೋಣವೆಂದು ಸರ್ ಅಂಗಡಿಗೆ ಬಂದಿದ್ದರು. ಫೋನ್ ಅವರ ಕೈಗೆ ಹೋಯಿತು. ನಾನು ಅಷ್ಟರಲ್ಲಿ ಕಣ್ಣು ಪೂರ್ತಿ ಮುಚ್ಚಿದ್ದೆ. ಮೊದಲಿನ ಫೋನಿನ ಸಂಗತಿಯನ್ನೂ ಸೇರಿಸಿ ಎಲ್ಲ ಹೇಳಿದೆ, ನೆಗಡಿ ಹಿಡಿದ ಗಿಳಿಯ ದನಿಯಲ್ಲೇ. ಸರ್ ಬೈಯಲಿಲ್ಲ. ಬಸ್ ಹತ್ತಿ ಬಾ ಎಂದರು. ಅವರು ಬೈದಿದ್ದರೆ ಬಸ್ಸಿನಲ್ಲಿ ನೆಟ್ಟಗೆ ಕುಂತಾದರೂ ಬರುತ್ತಿದ್ದೆ.

ಹಾವೇರಿಯಲ್ಲಿ ಬಸ್ ಬದಲಿಸಿದೆ. ದಾರಿಯುದ್ದಕ್ಕೂ ರಸ್ತೆಯ ಅರ್ಧದ ತನಕ ಗೋವಿನಜೋಳ ಹರವಿದ್ದರು, ಪಕ್ಕದಲ್ಲಿ ಹಳದಿ ನೀಲಿ ತಾಡಪತ್ರಿಗಳನ್ನು ಮಡಚಿ ಕಲ್ಲು ಹೇರಿಟ್ಟಿದ್ದರು. ಅವುಗಳಲ್ಲಿ ಯಾವುದು ಅಕ್ಕಾರು ಕಾಸಿ ಅಂಟಿಸಿದ್ದೋ. ಅವರ ಶೆಡ್ಡಿನಲ್ಲಿ ತಾಡಪತ್ರಿಗೆ ಕಣ್ಣು ಹೊಡೆಯುವ ಹೆಂಗಸರು ಈ ಹೊತ್ತಿಗೆ ಸುರುಳಿಯ ಲಾರಿಗೆ ಕಾಯುತ್ತಿರಬೇಕು. ಸಾಹುಕಾರ್ರ ಮುಂದೆ ಹೇಗೆ ಬೇಡಬೇಕೆಂದು ಬಸ್ಸಿನಲ್ಲೇ ಅಭ್ಯಾಸ ಮಾಡಿದೆ. ತಪ್ಪಾಯಿತು ಎನ್ನಲು ನಮ್ಮಪ್ಪನ ದನಿ ಬರುತ್ತಿತ್ತು, ಕಂಡಕ್ಟರನದು ಬರುತ್ತಿತ್ತು, ನಮ್ಮೂರ ಪೂಜಾರಿಯದೂ ಬರುತ್ತಿತ್ತು. ಪಕ್ಕದಲ್ಲಿ ಕುಂತಿದ್ದ ಮುದುಕ ನನ್ನ ತುಟಿ ಅಲ್ಲಾಡುವುದನ್ನು ನೋಡಿ, ಪರೀಕ್ಷೆ ಐತೇನಪ್ಪಾ ಎಂದ. ಹೂಂ ಅಂದೆ. ಆತ ನನಗೆ ಒಳ್ಳೆಯದಾಗಲಿ ಎಂದು ಹರಸಿದ. ಅದು ಇನ್ನಷ್ಟು ಸಂಕಟವಾಯಿತು.

ಅಂಗಡಿಯೊಳಗೆ ಸಾಹುಕಾರ್ರು ಗಾದಿಯ ಮೇಲಿದ್ದರು, ಸರ್ ಒಂದು ಬದಿಗೆ ಬೆನ್ನು ನೆಟ್ಟಗಿಟ್ಟು ಕುಂತಿದ್ದರು, ಗೆಳೆಯ ಮೂಲೆಯಲ್ಲಿ ಕಂಪ್ಯೂಟರಿನ ಹಿಂದೆ ಮುಖ ಅಡಗಿಸಿದ್ದ. ನನ್ನನ್ನು ನೋಡಿದೊಡನೆ ಸಾಹುಕಾರ್ರು ‘ಬರ್ರಿ ಸಾಹುಕಾರ್ರ’ ಎಂದು ನನ್ನನ್ನೇ ಕರೆದರು. ಗಿರಾಕಿಗಳು ನಕ್ಕರು. ನಾನು ಕೈ ಮುಗಿದೆ.

‘ನನ್ನ ದನಿ ಒಂದು ಸಲ ತೆಗಿ, ಕೇಳಬೇಕು’ ಎಂದು ಸಾಹುಕಾರ್ರು ಹಟ ಹಿಡಿದರು. ಹಗ್ಗ ಕೊಳ್ಳಲು ಬಂದವರು ಹಗ್ಗ ಬಿಟ್ಟು ಸುತ್ತ ನಿಂತರು. ಎಷ್ಟು ಕೆರೆದರೂ ನನ್ನ ಗಂಟಲಿನಿಂದ ಬರೀ ಕೆಮ್ಮು ಬಂತು. ಸಾಹುಕಾರ್ರು ಗೆಳೆಯನ ಕಡೆ ತಿರುಗಿ, ‘ಇಂಥಾ ಕೆಮ್ಮನ್ನ ನೀ ನನ್ನ ದನಿ ಅಂತ ನಂಬಿದ್ಯಾ’ ಎಂದು ಅವನನ್ನೂ ಒಂದು ಕೈ ನೋಡಿಕೊಂಡರು. ನನಗೆ ಅಳು ಬರುವಂತಾಗಿತ್ತು. ಅತ್ತರೆ ಅದನ್ನೂ ಯಾರದೋ ನಕಲು ಅಂದಾರು ಎಂದು ತಡೆದುಕೊಂಡೆ.

ಸರ್ ಶಾಂತವಾಗಿಯೇ ತಿಳಿಸಿ ಹೇಳಿದರು. ಮಾಲು ವಾಪಸ್ ಕೊಟ್ಟಿದ್ದೀರಿ, ಅದರ ಬೆಲೆಯನ್ನು ಪಾಡ್ಯದ ಹಿಸಾಬಿನಲ್ಲಿ ತೆರಿಗೆ ಸಮೇತ ಮುರಿದುಕೊಂಡಿದ್ದೀರಿ. ಆ ತೆರಿಗೆಯ ಐಟಿಸಿ ಇನ್ನೂ ಇಟ್ಟುಕೊಂಡರೆ ಒಂದೇ ಲಾಭವನ್ನು ಎರಡು ಸಲ ಉಂಡಂತೆ. ಇಂದಲ್ಲ ನಾಳೆ ಇಲಾಖೆ ನೋಟಿಸು ಕಳಿಸುತ್ತದೆ, ಬಡ್ಡಿ ಕೂಡಿಸಿ ಕೇಳುತ್ತದೆ. ಆ ಹೆಣ್ಣುಮಗಳ ಖಾತೆಯಲ್ಲಿ ಮಾತ್ರ ಮುಂದಿನ ತಿಂಗಳೇ ಅಷ್ಟೂ ತೆರಿಗೆ ಏರಿ ಕೂರುತ್ತದೆ, ಕಟ್ಟಲು ಆಕೆಯ ಹತ್ತಿರ ಏನೂ ಉಳಿದಿಲ್ಲ.

ಸಾಹುಕಾರ್ರು ಎಲ್ಲದಕ್ಕೂ ಗೋಣು ಹಾಕಿದರು. ನೋಟಿಸು ಬಂದಾಗ ನೋಡೋಣ ಎಂದರು. ಆಮೇಲೆ ನನ್ನತ್ತ ಬೆರಳು ಮಾಡಿದರು.

“ರಿಜೆಕ್ಟ್ ಮಾಡಿದ್ದು ನಾನಲ್ರಿ, ನಿಮ್ಮ ಹುಡುಗ. ನನ್ನ ದನಿ ಕದ್ದವ ತಾನಾಗಿ ಲಾಭ ತಂದು ಗಾದಿ ಮ್ಯಾಲೆ ಇಟ್ಟಾನ. ಹೊರಗ ಒಗೀಲೇನು?”

 ಸರ್ ನನ್ನ ಮುಖ ನೋಡಿದರು. ಅವರ ಇಡೀ ಆಯುಷ್ಯದ ಹೆಸರು ನನ್ನ ಒಂದು ಕೆಮ್ಮಿಗೆ ಸಿಕ್ಕಿಕೊಂಡಿತ್ತು. ನಾನು ಗಾದಿಯ ಮುಂದೆ ನೆಲದ ಮೇಲೆ ಕುಂತುಬಿಟ್ಟೆ. ನನ್ನ ಪಗಾರದಿಂದ ತೀರಿಸುತ್ತೇನೆ, ನಿಮ್ಮ ಅಂಗಡಿಯಲ್ಲಿ ಬಿಟ್ಟಿ ದುಡಿಯುತ್ತೇನೆ, ಏನಂದರೆ ಅದು ಎಂದು ತೊದಲಿದೆ. ಸಾಹುಕಾರ್ರು ನನ್ನ ಪಗಾರ ಎಷ್ಟೆಂದು ಕೇಳಿದರು. ಹೇಳಿದೆ. ಪಾಪ, ನಮ್ಮ ಹುಡುಗಗ ಇದಕಿಂತ ಹೆಚ್ಚು ಕೊಡ್ತೇನಿ ಎಂದು ಗೆಳೆಯನ ಮುಂದೆಯೇ ಮರುಗಿದರು. ಆಮೇಲೆ ಅವನಿಗೆ, ಈಗಿಂದೀಗ ರಿಟರ್ನ್ ಕಳಿಸು, ಈ ಪೀಡಾ ಮುಗೀಲಿ ಎಂದರು.

ಗೆಳೆಯ ನನ್ನತ್ತ ನೋಡದೆ ಕೀಲಿಮಣೆ ಒತ್ತಿದ. ಗಡುವಿನ ದಿನಗಳು, ಪೋರ್ಟಲ್ ತೆರೆಯಲೊಲ್ಲದು. ಪರದೆಯ ನಡುವೆ ಆ ಸಣ್ಣ ಚಕ್ರ ಸುತ್ತುತ್ತಲೇ ಇತ್ತು. ಬಾಳಿನಲ್ಲಿ ಮೊದಲ ಸಲ ನಾನು ಪೋರ್ಟಲ್ ಕೆಡಲಿ ಎಂದು ಬೇಡಿಕೊಂಡೆ. ಅದು ಒಮ್ಮೆ ತೆರೆದು ಹೊರಗೆ ದಬ್ಬಿತು, ಮತ್ತೆ ತೆರೆಯಿತು. ಗೆಳೆಯ ಬೇಕೆಂದೇ ಪಾಸ್‌ವರ್ಡ್ ಒಂದು ಸಲ ತಪ್ಪಾಗಿ ಒತ್ತಿದ; ಅವನ ಕೈ ನನಗೆ ಗೊತ್ತು, ಅದು ತಪ್ಪುವ ಕೈಯಲ್ಲ. ಆದರೂ ಎಷ್ಟು ತಪ್ಪಿಸಿಯಾನು. ತೆರಿಗೆಯ ರಿಟರ್ನಿನ ಪುಟ ಬಂತು. ಒಟ್ಟು ಐಟಿಸಿಯ ಚೌಕದಲ್ಲಿ ಅಕ್ಕಾರ ತೆರಿಗೆ ಇನ್ನೂ ಸಾಹುಕಾರ್ರದಾಗಿ ಕುಂತಿರುವುದು ನೆಲದ ಮೇಲೆ ಕುಂತಿದ್ದ ನನಗೂ ಕಾಣುತ್ತಿತ್ತು.

ಆಗ ಹೊರಗೆ ಟೆಂಪೋ ಒಂದು ಅಂಗಡಿಯ ಬಾಗಿಲಿಗೇ ಬೆನ್ನು ಕೊಟ್ಟು ನಿಂತಿತು. ಅಕ್ಕಾರು ಇಳಿದರು. ನಾನು ಬಸ್ಸಿನಲ್ಲಿದ್ದಾಗಲೇ ಸರ್ ಅವರಿಗೆ ಎಲ್ಲವನ್ನೂ ಮುಚ್ಚದೆ ತಿಳಿಸಿದ್ದರಂತೆ. ಅವರು ಹಂಗೇನ್ರಿ ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದರಂತೆ. ಕೊರಳಲ್ಲಿ ಟೇಪು ಹಾಗೇ ಇತ್ತು. ನನ್ನನ್ನು ದಾಟಿ ಹೋದರು, ಸೆರಗು ನನ್ನ ತಲೆಗೆ ತಾಗಿತು, ಕೆಳಗೆ ನೋಡಲಿಲ್ಲ. ಅವರ ಹಿಂದೆಯೇ ಡ್ರೈವರನು ಒಂದು ತಾಡಪತ್ರಿ ಹೊತ್ತು ತಂದು ಗಾದಿಯ ಮುಂದೆ ಹಾಕಿದ. ವಾಪಸ್ ಹೋಗಿದ್ದ ಕಂತಿನದು, ಸಾಹುಕಾರ್ರೇ ಅದರ ಮೇಲೆ ‘ಬಾದ’, ಅಂದರೆ ಕೆಟ್ಟ ಮಾಲು, ಎಂದು ಬಣ್ಣದಲ್ಲಿ ಬರೆಸಿದ್ದರು. ಟೆಂಪೋದ ತುಂಬ ಅದೇ ಮಾಲು, ಮಾರಲೂ ಬಾರದೆ ಒಗೆಯಲೂ ಬಾರದೆ ಶೆಡ್ಡಿನಲ್ಲಿ ಬಿದ್ದಿದ್ದು.

ಸಾಹುಕಾರ್ರು ಮೊದಲು ನಕ್ಕರು. ಇದೇನ್ರಿ ಅಕ್ಕಾರ, ಗಾಡಿ ಸಮೇತ ಬಂದ್ರಿ ಎಂದರು. ಅಕ್ಕಾರು ನಗಲಿಲ್ಲ, ಕೂಗಲಿಲ್ಲ. ಒಂದೇ ಮಾತು ಹೇಳಿದರು. ಹಗ್ಗದವರು, ಚೀಲದವರು, ಎಲ್ಲರೂ ಸಾಹುಕಾರ್ರ ಮುಖ ನೋಡಿದರು. ಅವರು ಗಂಟಲು ಕೆರೆಯಲು ಹೋಗಿ ನಿಲ್ಲಿಸಿ, ಗೆಳೆಯನತ್ತ ಕೈಯಾಡಿಸಿದರು. ಅವನು ರಿಟರ್ನಿನ ಪುಟ ಮುಚ್ಚಿ ನೋಟಿನ ಪುಟ ತೆರೆದ, ರಿಜೆಕ್ಟ್ ತೆಗೆದು ಅಕ್ಸೆಪ್ಟ್ ಒತ್ತಿದ, ಐಟಿಸಿಯ ಪಟ್ಟಿಯನ್ನು ಮತ್ತೆ ಲೆಕ್ಕ ಹಾಕಿಸಿದ. ಆ ಚೌಕದೊಳಗಿನ ಮೊತ್ತ ನಮ್ಮೆಲ್ಲರ ಮುಂದೆ ಇಳಿಯಿತು. ಆಮೇಲೆಯೇ ರಿಟರ್ನು ಹೋಯಿತು. ಅಕ್ಕಾರ ಮುಂದಿನ ತಿಂಗಳ ತೆರಿಗೆಯ ಮೇಲೆ ಏನೂ ಬಂದು ಕೂರಲಿಲ್ಲ, ಸುರುಳಿಯ ಲಾರಿ ತಡಸದಲ್ಲಿ ಇಳಿಯಿತು.

ಆ ಒಂದು ಮಾತನ್ನು ಇಲ್ಲಿ ಇದ್ದಂತೆ ಬರೆಯುತ್ತೇನೆ. ಅಕ್ಕಾರ ದನಿ ತೆಗೆಯಲು ಇಂದಿಗೂ ನನಗೆ ಬರುವುದಿಲ್ಲ.

“ನೋಟ್ ಒಪ್ಪಂಗಿಲ್ಲ ಅಂದ್ರ ಮಾಲು ವಾಪಸ್ ಬಂದೇ ಇಲ್ಲ ಅಂತ ಆತಲ್ಲರಿ ಸಾಹುಕಾರ್ರ, ನಿಮ್ಮ ಮಾಲು ನಿಮ್ಮ ಬಾಗಲಕ್ಕ ತಂದೇನಿ, ಇಳಿಸಿಕೊಂಡು ಅದರ ರೊಕ್ಕಾ ಎಣಸ್ರಿ.”